ನಿನ್ನೆ ಇದ್ದ ಡಾಲರ್ ರೇಟು ಇವತ್ತು ಯಾಕಿಲ್ಲ? ಆಟದ ನೋಟಿನಲ್ಲಿ ಒಂದು ಪಾಠ

ಪ್ರಶ್ನೆ: ನಾನು ಸಕಲೇಶಪುರ ತಾಲೂಕಿನ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತೇನೆ. ನಮ್ಮ ಮಕ್ಕಳ ಮನೆಗಳಲ್ಲಿ ಕಾಫಿ ರೇಟಿನ ಜೊತೆ ಡಾಲರ್ ಮಾತೂ ಬರುತ್ತದೆ. "ಮೇಡಂ, ಡಾಲರ್ ರೇಟು ದಿನಾ ಯಾಕೆ ಬದಲಾಗುತ್ತೆ, ಅದನ್ನು ಯಾರು ಬದಲಾಯಿಸ್ತಾರೆ?" ಅಂತ ಕೇಳುತ್ತಾರೆ. ಆಟದ ನೋಟಿನ ಕಟ್ಟು ತಂದಿಟ್ಟಿದ್ದೇನೆ. ತರಗತಿಯಲ್ಲಿ 30 ಮಕ್ಕಳಿದ್ದಾರೆ. ಇದನ್ನು ಆಡಿಸಿ ತೋರಿಸುವುದು ಹೇಗೆ?

ಉತ್ತರ:

ಮೇಡಂ, ನೋಟಿನ ಕಟ್ಟು ಇದ್ದರೆ ಅರ್ಧ ಕೆಲಸ ಆದಂತೆ. ಇನ್ನು ಬೇಕಿರುವುದು ಹಸಿರು ಕಾಗದದ ಒಂದಿಷ್ಟು ತುಂಡು, ಸಣ್ಣ ಚೀಟಿಗಳು, ಒಂದು ಡಬ್ಬ. ಹಸಿರು ತುಂಡು ಅಂದರೆ ಒಂದು ಡಾಲರ್. ಬ್ಯಾಂಕಿನ ವಿದೇಶಿ ವಿನಿಮಯ ವಿಭಾಗದಲ್ಲಿ ಕೂತು ನಾನು ದಿನಾ ನೋಡಿದ್ದನ್ನೇ ಇಲ್ಲಿ ಮಕ್ಕಳ ಅಳತೆಗೆ ಇಳಿಸಿ ಬರೆಯುತ್ತಿದ್ದೇನೆ.

ರೇಟನ್ನು ಯಾರು ಬದಲಾಯಿಸುತ್ತಾರೆ ಅನ್ನುವ ಪ್ರಶ್ನೆಗೆ ಮೊದಲೇ ಉತ್ತರ ಹೇಳಿಬಿಡಬೇಡಿ. ಆಟದ ಮೊದಲ ಸುತ್ತಿನಲ್ಲೇ ಅದು ಅವರಿಗೆ ಕಾಣುತ್ತದೆ.

ಹತ್ತು ಮಕ್ಕಳು ಡಾಲರ್ ಮಾರುವವರು. ಒಬ್ಬೊಬ್ಬರ ಕೈಗೂ ಒಂದೊಂದು ಹಸಿರು ತುಂಡು ಕೊಡಿ. ಇನ್ನು ಹತ್ತು ಮಕ್ಕಳು ಡಾಲರ್ ಕೊಳ್ಳುವವರು. ಅವರಿಗೆ ತಲಾ 70 ಆಟದ ರೂಪಾಯಿ ಕೊಡಿ. ಅದರಲ್ಲಿ ಹತ್ತರ ನೋಟು ಆರು ಇರಲಿ, ಉಳಿದ ಹತ್ತು ಚಿಲ್ಲರೆ ಇರಲಿ. ಚಿಲ್ಲರೆ ಇಲ್ಲದಿದ್ದರೆ ಆಟ ಅರ್ಧಕ್ಕೇ ನಿಲ್ಲುತ್ತದೆ. ಇಬ್ಬರು ಮಕ್ಕಳು ಬೋರ್ಡಿನ ಹತ್ತಿರ ನಿಂತು ಎಣಿಸಿ ಬರೆಯಲಿ. ಉಳಿದ ಎಂಟು ಮಂದಿ ಮೊದಲ ಸುತ್ತಿನಲ್ಲಿ ನೋಡುತ್ತಾ ಕೂರಲಿ. ಅವರಿಗೆ ಆಮೇಲೆ ಕೆಲಸ ಇದೆ.

ಈಗ ಚೀಟಿ. ಮಾರುವ ಪ್ರತಿಯೊಬ್ಬರ ಚೀಟಿಯಲ್ಲೂ ಒಂದು ಸಂಖ್ಯೆ ಇರುತ್ತದೆ. "ಇದಕ್ಕಿಂತ ಕಡಿಮೆಗೆ ಮಾರಲ್ಲ" ಎಂದು ಅದರ ಅರ್ಥ. ಹತ್ತು ಮಂದಿಗೆ 46ರಿಂದ 55ರವರೆಗೆ ಒಂದೊಂದು ಸಂಖ್ಯೆ ಬರೆಯಿರಿ. ಕೊಳ್ಳುವವರ ಚೀಟಿಯಲ್ಲಿ "ಇದಕ್ಕಿಂತ ಜಾಸ್ತಿ ಕೊಡಲ್ಲ" ಎಂದು ಅರ್ಥ. ಅವರಿಗೆ 54ರಿಂದ 45ರವರೆಗೆ. ನಿಜವಾದ ಡಾಲರ್ ರೇಟು ಬರೆಯದೆ ಬೇಕೆಂದೇ 50ರ ಆಸುಪಾಸಿನ ಸಂಖ್ಯೆ ಇಟ್ಟಿದ್ದೇನೆ. ನಿಜವಾದ ರೇಟು ಬರೆದರೆ ಮಕ್ಕಳು ಅದನ್ನೇ "ಸರಿ ಉತ್ತರ" ಅಂದುಕೊಂಡು ಅದಕ್ಕೆ ಹೊಂದಿಸಲು ನೋಡುತ್ತಾರೆ.

ಚೀಟಿಯ ಹಿಂದೆ ಒಬ್ಬ ಮನುಷ್ಯ ಇರಬೇಕು. 46ರ ಚೀಟಿ ಕಾಫಿ ರಫ್ತು ಮಾಡುವವನದ್ದು. ಅವನಿಗೆ ಇಟಲಿಯಿಂದ ಡಾಲರ್ ಬಂದಿದೆ, ಶನಿವಾರ ಕ್ಯೂರಿಂಗ್ ವರ್ಕ್ಸ್‌ನ ಆಳುಗಳಿಗೆ ಕೂಲಿ ಕೊಡಬೇಕು. ಕಾಯಲು ಆಗುವುದಿಲ್ಲ. 55ರ ಚೀಟಿ ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯದ್ದು. ಅದಕ್ಕೆ ಅವಸರ ಇಲ್ಲ. ಕೊಳ್ಳುವವರಲ್ಲಿ 54ರ ಚೀಟಿ ಅಮೆರಿಕದ ಕಾಲೇಜಿಗೆ ನಾಳೆಯೇ ಫೀಸು ಕಟ್ಟಬೇಕಾದ ಹುಡುಗಿಯದ್ದು. 45ರ ಚೀಟಿ ಸಿಂಗಾಪುರ ನೋಡಿಕೊಂಡು ಬರೋಣ, ಆದರೆ ರೇಟು ಇಳಿದರೆ ಮಾತ್ರ ಅನ್ನುವವರದ್ದು. ಉಳಿದ ಚೀಟಿಗಳಿಗೆ ಕಥೆಯನ್ನು ಮಕ್ಕಳೇ ಕಟ್ಟಲಿ. ಆದರೆ ಚೀಟಿಯನ್ನು ಪಕ್ಕದವರಿಗೆ ತೋರಿಸಬಾರದು. ತೋರಿಸಿದರೆ ಚೌಕಾಶಿ ಶುರುವಾಗಿ ಲೆಕ್ಕವೆಲ್ಲ ಕೆಡುತ್ತದೆ.

ಬೋರ್ಡಿನ ಹತ್ತಿರ ಇರುವ ಹುಡುಗ ಒಂದೊಂದೇ ರೇಟು ಕೂಗಲಿ. "48ಕ್ಕೆ ಯಾರು ಮಾರ್ತೀರಿ?" ಮೂರು ಕೈ ಏಳುತ್ತವೆ. "48ಕ್ಕೆ ಯಾರು ಕೊಳ್ತೀರಿ?" ಏಳು ಕೈ. ಡಾಲರ್ ಸಾಲದು. "52ಕ್ಕೆ?" ಮಾರುವವರು ಏಳು, ಕೊಳ್ಳುವವರು ಮೂರು. ಈಗ ಡಾಲರ್ ಉಳಿಯುತ್ತದೆ. "50ಕ್ಕೆ?" ಆ ಕಡೆ ಐದು, ಈ ಕಡೆ ಐದು. ಬೋರ್ಡಿನ ಮೇಲೆ "1 ಡಾಲರ್ = 50 ರೂಪಾಯಿ" ಎಂದು ಬರೆಯಿರಿ. ಆ ಐದು ಮಂದಿ ಐದು ಮಂದಿಗೆ ಡಾಲರ್ ಕೊಟ್ಟು ತಲಾ 50 ರೂಪಾಯಿ ಎಣಿಸಿಕೊಳ್ಳಲಿ. ಎಲ್ಲರಿಗೂ ಒಂದೇ ರೇಟು. 54 ಕೊಡಲು ತಯಾರಿದ್ದ ಹುಡುಗಿಯೂ 50ನ್ನೇ ಕೊಡುತ್ತಾಳೆ. ಅವಳಿಗೆ ನಾಲ್ಕು ರೂಪಾಯಿ ಉಳಿಯಿತು ಅಂತ ಅವಳೇ ಎದ್ದು ಹೇಳುತ್ತಾಳೆ, ನೋಡಿ.

ಇಲ್ಲಿ ನಿಲ್ಲಿಸಿ ಕೇಳಿ: 50 ಅಂತ ತೀರ್ಮಾನ ಮಾಡಿದ್ದು ಯಾರು? ಕೂಗಿದ ಹುಡುಗ ಮಾಡಲಿಲ್ಲ, ನೀವೂ ಮಾಡಲಿಲ್ಲ. ಇಪ್ಪತ್ತು ಚೀಟಿಗಳಲ್ಲಿ ಒಂದರ ಮೇಲಾದರೂ "ರೇಟು 50 ಆಗಬೇಕು" ಎಂದು ಬರೆದಿರಲಿಲ್ಲ. ಹಾಸನದ ಎಪಿಎಂಸಿಯಲ್ಲಿ ಆಲೂಗಡ್ಡೆಗೆ ರೇಟು ಕಟ್ಟುವುದೂ ಹೀಗೇ ಎಂದು ಹೇಳಿದರೆ ನಿಮ್ಮ ಕಡೆಯ ಮಕ್ಕಳಿಗೆ ತಕ್ಷಣ ಹತ್ತುತ್ತದೆ. ನಮ್ಮ ದೇಶದಲ್ಲಿ ಮೊದಲು ಹೀಗಿರಲಿಲ್ಲ ಎಂಬುದನ್ನೂ ಒಂದು ಮಾತಿನಲ್ಲಿ ಹೇಳಿ. 1991ರ ಜುಲೈನಲ್ಲಿ ರಿಸರ್ವ್ ಬ್ಯಾಂಕ್ ತಾನೇ ರೂಪಾಯಿಯ ಬೆಲೆಯನ್ನು ಎರಡು ಹಂತದಲ್ಲಿ ಇಳಿಸಿತ್ತು. ರೇಟನ್ನು ಮಾರುಕಟ್ಟೆಗೆ ಬಿಟ್ಟಿದ್ದು 1993ರ ಮಾರ್ಚಿನಿಂದ.

ಎರಡನೇ ದಿನ. ನೋಟು, ಡಾಲರ್, ಚೀಟಿ ಎಲ್ಲವನ್ನೂ ಮೊದಲಿನಂತೆ ಹಂಚಿ. ಸುಮ್ಮನೆ ಕೂತಿದ್ದ ಎಂಟು ಮಂದಿಯಲ್ಲಿ ನಾಲ್ವರನ್ನು ಕರೆಯಿರಿ. ಅವರು ಪೆಟ್ರೋಲ್ ಕಂಪನಿಯವರು. ಅವರಿಗೂ ತಲಾ 70 ರೂಪಾಯಿ. ನಮ್ಮ ದೇಶ ತನಗೆ ಬೇಕಾದ ಕಚ್ಚಾ ತೈಲದಲ್ಲಿ 100ಕ್ಕೆ 85ಕ್ಕಿಂತ ಜಾಸ್ತಿ ಪಾಲನ್ನು ಹೊರಗಿನಿಂದ ತರಿಸುತ್ತದೆ. ಅದರ ಹಣವನ್ನು ಬಹುಪಾಲು ಡಾಲರಿನಲ್ಲೇ ಕೊಡಬೇಕು. ತೈಲದ ಬೆಲೆ ಏರಿದರೂ ಲಾರಿ, ಬಸ್ಸು ನಿಲ್ಲುವುದಿಲ್ಲ. ಹಾಗಾಗಿ ಈ ನಾಲ್ವರ ಚೀಟಿಯಲ್ಲಿ 60 ಎಂದು ಬರೆಯಿರಿ. ಎಷ್ಟಾದರೂ ಸರಿ, ಅವರು ಕೊಳ್ಳಲೇಬೇಕು.

ಈಗ 50ಕ್ಕೆ ಕೂಗಿದರೆ ಮಾರುವವರು ಅದೇ ಐದು ಮಂದಿ, ಕೊಳ್ಳುವವರು ಒಂಬತ್ತು. 51ಕ್ಕೆ ಆರು ಮತ್ತು ಎಂಟು. 52ಕ್ಕೆ ಏಳು, ಏಳು. ರೇಟು 52 ಆಯಿತು. ಯಾರು ಹೊರಗೆ ಹೋದರು ಎಂಬುದನ್ನೂ ಮಕ್ಕಳು ಗಮನಿಸಬೇಕು. ನಿನ್ನೆ ಡಾಲರ್ ಕೊಂಡಿದ್ದ, 50 ಮತ್ತು 51ರ ಚೀಟಿ ಹಿಡಿದ ಇಬ್ಬರಿಗೆ ಇವತ್ತು ಸಿಗಲಿಲ್ಲ. ನಿನ್ನೆ ಮಾರಲು ಒಪ್ಪದ, 51 ಮತ್ತು 52ರ ಚೀಟಿಯ ಇಬ್ಬರು ಇವತ್ತು ಮಾರಿದರು. ತೈಲದವರಿಗೆ ನಾಲ್ಕು ಡಾಲರ್ ಬಂದಿದ್ದು ಹೀಗೆ: ಎರಡು ಹೊಸದಾಗಿ ಹೊರಗೆ ಬಂತು, ಇನ್ನೆರಡನ್ನು ಬೇರೆಯವರು ಬಿಟ್ಟುಕೊಟ್ಟರು.

ಇದೇ ಆಟವನ್ನು ತಿರುಗಿಸಿಯೂ ಆಡಬಹುದು. ಪೆಟ್ರೋಲ್ ಕಂಪನಿಯವರನ್ನು ಕೂರಿಸಿ. ಉಳಿದ ನಾಲ್ವರನ್ನು ರಫ್ತುದಾರರನ್ನಾಗಿ ಕರೆದು, 40ರ ಚೀಟಿ ಮತ್ತು ಒಂದೊಂದು ಡಾಲರ್ ಕೊಡಿ. ರೇಟು 48ಕ್ಕೆ ಇಳಿಯುತ್ತದೆ, ಅಲ್ಲಿ ಏಳು ಏಳಕ್ಕೆ ಸರಿಹೋಗುತ್ತದೆ. ಆದರೆ ಒಂದು ಎಚ್ಚರ. ಇವರನ್ನು ಕಾಫಿಯವರು ಎಂದು ಕರೆದರೆ, ಮಲೆನಾಡಿನ ಕೊಯ್ಲು ಮುಗಿದ ಕೂಡಲೇ ಡಾಲರ್ ಇಳಿಯುತ್ತದೆ ಎಂದು ಮಕ್ಕಳು ನಂಬಿಬಿಡುತ್ತಾರೆ. ದೇಶದ ಒಟ್ಟು ರಫ್ತಿನಲ್ಲಿ ಕಾಫಿಯ ಪಾಲು 100ಕ್ಕೆ ಒಂದಕ್ಕಿಂತಲೂ ಕಡಿಮೆ. ಡಾಲರ್ ಕಾಫಿಯವರನ್ನು ಆಡಿಸುತ್ತದೆ, ಕಾಫಿ ಡಾಲರನ್ನು ಆಡಿಸುವುದಿಲ್ಲ. ಅದಕ್ಕೇ ಈ ನಾಲ್ವರನ್ನು ಸಾಫ್ಟ್‌ವೇರ್, ಔಷಧಿ ಕಂಪನಿಯವರು ಎಂದು ಹೇಳುವುದು ಮೇಲು.

ಇಷ್ಟನ್ನು ಹೆಚ್ಚುಕಡಿಮೆ ಎಲ್ಲ ಪಠ್ಯಗಳೂ ಹೇಳುತ್ತವೆ. ಬೇಡಿಕೆ, ಪೂರೈಕೆ. ಆದರೆ ಮಕ್ಕಳ ಪ್ರಶ್ನೆ "ದಿನಾ ಯಾಕೆ" ಎಂಬುದು ತಾನೆ? ದಿನಾ ತೈಲದ ಬಿಲ್ಲು ಏರಿಳಿಯುವುದಿಲ್ಲ, ದಿನಾ ಹೊಸ ರಫ್ತುದಾರರು ಹುಟ್ಟುವುದಿಲ್ಲ. ಆದರೂ ರೇಟು ದಿನಾ ಅಲುಗುತ್ತದೆ. ಇದನ್ನು ತೋರಿಸುವುದು ಮೂರನೇ ದಿನದ ಆಟ. ನನ್ನ ಮಟ್ಟಿಗೆ ಇಡೀ ಪಾಠದ ಜೀವ ಇಲ್ಲಿದೆ, ಒಂದು ಪೂರ್ತಿ ಪೀರಿಯಡ್ ಇದಕ್ಕೇ ಇಡಿ.

ಮತ್ತೆ ಮೊದಲ ದಿನದ ಇಪ್ಪತ್ತು ಮಂದಿ ಮಾತ್ರ. ಅದೇ ಚೀಟಿ, ಅಷ್ಟೇ ಡಾಲರ್. ಕೂಗುವ ಮೊದಲು ನೀವು ಒಂದು ಸುದ್ದಿ ಓದಿ: "ನಾಳೆ ನಾಲ್ಕು ಪೆಟ್ರೋಲ್ ಕಂಪನಿಗಳು ಡಾಲರ್ ಕೊಳ್ಳಲು ಬರಲಿವೆ." ಓದಿ ಸುಮ್ಮನಾಗಿ. "ಬೇಕಿದ್ದವರು ಚೀಟಿಯ ಸಂಖ್ಯೆ ತಿದ್ದಿಕೊಳ್ಳಬಹುದು" ಎಂದಷ್ಟೇ ಹೇಳಿ.

ಪೆಟ್ರೋಲಿನವರು ಬಂದಾಗ ರೇಟು 52 ಆಗುತ್ತದೆ ಎಂದು ಮಕ್ಕಳು ಆಗಲೇ ಕಣ್ಣಾರೆ ನೋಡಿದ್ದಾರೆ. ಮಾರುವ ಹುಡುಗ ಯೋಚಿಸುತ್ತಾನೆ: ನಾಳೆ 52 ಸಿಗುವುದಾದರೆ ಇವತ್ತು 50ಕ್ಕೆ ಯಾಕೆ ಕೊಡಲಿ? ತನ್ನ ಚೀಟಿಯನ್ನು ಮೇಲಕ್ಕೆ ತಿದ್ದುತ್ತಾನೆ. ಕೊಳ್ಳುವ ಹುಡುಗಿ ಯೋಚಿಸುತ್ತಾಳೆ: ನಾಳೆ ದುಬಾರಿ ಆಗುವುದಾದರೆ ಒಂದೆರಡು ರೂಪಾಯಿ ಜಾಸ್ತಿ ಕೊಟ್ಟು ಇವತ್ತೇ ತೆಗೆದುಕೊಳ್ಳುತ್ತೇನೆ. ಅವಳ ಚೀಟಿಯೂ ಮೇಲಕ್ಕೆ. ಎಲ್ಲರೂ ಎರಡೆರಡು ರೂಪಾಯಿ ಏರಿಸಿದರು ಎಂದುಕೊಳ್ಳಿ. ಈಗ 50ಕ್ಕೆ ಮಾರುವವರು ಮೂವರೇ, ಕೊಳ್ಳುವವರು ಏಳು. 52ಕ್ಕೆ ಬಂದಾಗ ಐದು, ಐದು. ರೇಟು 52!

ಮಕ್ಕಳಿಗೆ ಎಣಿಸಲು ಹೇಳಿ. ತರಗತಿಯಲ್ಲಿ ಮೊದಲ ದಿನ ಇದ್ದಿದ್ದು ಹತ್ತು ಡಾಲರ್, ಇವತ್ತೂ ಹತ್ತು. ಕೈ ಬದಲಾಯಿಸಿದ್ದು ಅವತ್ತೂ ಐದು, ಇವತ್ತೂ ಐದು. ಪೆಟ್ರೋಲಿನವರು ಇನ್ನೂ ತಮ್ಮ ಬೆಂಚು ಬಿಟ್ಟು ಎದ್ದಿಲ್ಲ. ಒಂದು ಡಾಲರ್ ಕೂಡ ಹೆಚ್ಚಾಗದೆ, ಕಡಿಮೆಯಾಗದೆ ರೇಟು ಎರಡು ರೂಪಾಯಿ ಏರಿತು.

ನಾಳೆಯ ಆಟವನ್ನೂ ಆಡಿಸಿ. ಪೆಟ್ರೋಲಿನ ನಾಲ್ವರು ಈಗ ನಿಜವಾಗಿ ಬರಲಿ. ಇನ್ನು ಕಾಯುವುದಕ್ಕೆ, ಹೆದರುವುದಕ್ಕೆ ಏನೂ ಉಳಿದಿಲ್ಲವಾದ್ದರಿಂದ ಉಳಿದವರು ಚೀಟಿಯನ್ನು ಮೊದಲಿನ ಸಂಖ್ಯೆಗೆ ತರಲಿ. ಲೆಕ್ಕ ಎರಡನೇ ದಿನದ್ದೇ: 52ಕ್ಕೆ ಏಳು, ಏಳು. ಅಂದರೆ ಕೊಳ್ಳುವವರು ನಿಜವಾಗಿ ಬಂದ ದಿನ ರೇಟು ಅಲುಗಲೇ ಇಲ್ಲ. ಅಲುಗಿದ್ದು ಸುದ್ದಿ ಬಂದ ದಿನ. "ತೈಲದ ಬಿಲ್ಲು ಕಟ್ಟಿದ್ದು ಇವತ್ತು, ಡಾಲರ್ ಯಾಕೆ ಏರಲಿಲ್ಲ?" ಎಂದು ದೊಡ್ಡವರೂ ಗೊಂದಲ ಪಡುವುದು ಇಲ್ಲೇ. ಸುದ್ದಿ ಸುಳ್ಳಾಗಿ ಪೆಟ್ರೋಲಿನವರು ಬರದೇ ಇದ್ದರೆ? ಚೀಟಿಗಳು ಹಿಂದಕ್ಕೆ ಬರುತ್ತವೆ, ರೇಟು 50ಕ್ಕೆ ಇಳಿಯುತ್ತದೆ. ಹಾಗೂ ಒಮ್ಮೆ ಆಡಿಸಿ ನೋಡಿ.

ನಿಮ್ಮ ತರಗತಿಯಲ್ಲಿ ಉತ್ತರ ಇಷ್ಟು ನೀಟಾಗಿ ಬರಲಿಕ್ಕಿಲ್ಲ. ಒಬ್ಬ ಐದು ರೂಪಾಯಿ ಏರಿಸುತ್ತಾನೆ, ಇನ್ನೊಬ್ಬಳು ಸುದ್ದಿಯನ್ನು ನಂಬುವುದೇ ಇಲ್ಲ. ರೇಟು 51 ಆಗಬಹುದು, 53 ಆಗಬಹುದು. ಅದನ್ನು ತಿದ್ದಬೇಡಿ. ನಿಜವಾದ ಮಾರುಕಟ್ಟೆಯಲ್ಲೂ ಒಂದೇ ಸುದ್ದಿಯನ್ನು ಒಬ್ಬೊಬ್ಬರು ಒಂದೊಂದು ತೂಕಕ್ಕೆ ತೂಗುತ್ತಾರೆ. ಬೆಳಗ್ಗೆ 9ರಿಂದ ಮಧ್ಯಾಹ್ನ 3:30ರವರೆಗೆ ಬ್ಯಾಂಕುಗಳು ತಮ್ಮತಮ್ಮಲ್ಲಿ ಡಾಲರ್ ವ್ಯಾಪಾರ ಮಾಡುವಾಗ ಪೈಸೆಯ ಲೆಕ್ಕದಲ್ಲಿ ನಡೆಯುವುದು ಇದೇ ಚೀಟಿ ತಿದ್ದುವ ಕೆಲಸ.

ಇದಕ್ಕೆ ನಿಜವಾದ ಉದಾಹರಣೆ ಬೇಕಿದ್ದರೆ 2013ನ್ನು ಹೇಳಿ. ಆ ವರ್ಷದ ಮೇ 22ರಂದು ಅಮೆರಿಕದ ಕೇಂದ್ರ ಬ್ಯಾಂಕಿನ ಅಧ್ಯಕ್ಷರಾಗಿದ್ದ ಬೆನ್ ಬರ್ನಾಂಕಿ ಅವರು ಒಂದು ಮಾತು ಹೇಳಿದರು. ಪ್ರತಿ ತಿಂಗಳು ಬಾಂಡ್ ಕೊಂಡು ಮಾರುಕಟ್ಟೆಗೆ ಹಣ ಬಿಡುತ್ತಿದ್ದೇವೆ, ಮುಂದೆ ಅದನ್ನು ಕಡಿಮೆ ಮಾಡಬಹುದು ಎಂದರು. ಮಾಡುತ್ತೇವೆ ಎನ್ನಲಿಲ್ಲ, ಮಾಡಬಹುದು ಎಂದರು ಅಷ್ಟೇ. ಡಾಲರ್ ಇನ್ನು ದುಬಾರಿ ಆಗುತ್ತದೆ ಎಂದು ಜಗತ್ತಿನಲ್ಲೆಲ್ಲ ಚೀಟಿ ತಿದ್ದಿದರು. ಆಗ 55 ರೂಪಾಯಿ ಆಸುಪಾಸಿನಲ್ಲಿದ್ದ ಡಾಲರ್ ಆಗಸ್ಟ್ 28ರ ಹೊತ್ತಿಗೆ 68 ದಾಟಿತು. ಅಮೆರಿಕ ನಿಜವಾಗಿ ಆ ಹಣ ಕಡಿಮೆ ಮಾಡುತ್ತೇವೆ ಎಂದು ಪ್ರಕಟಿಸಿದ್ದು ಡಿಸೆಂಬರಿನಲ್ಲಿ. ಆಗ ನಮ್ಮ ರೇಟು 62ರ ಹತ್ತಿರ ಇತ್ತು, ದೊಡ್ಡ ಅಲುಗಾಟವೇನೂ ಆಗಲಿಲ್ಲ. ನಿಮ್ಮ ತರಗತಿಯ ಮೂರನೇ ದಿನಕ್ಕೂ ಇದಕ್ಕೂ ಹೋಲಿಕೆ ಕಾಣುತ್ತದೆ, ಅಲ್ವಾ?

ಆಗಸ್ಟಿನಲ್ಲಿ 68 ದಾಟಿದ್ದ ರೇಟು ಇಳಿದಿದ್ದು ಹೇಗೆ ಎಂದು ಚುರುಕಾದ ಮಕ್ಕಳು ಕೇಳುತ್ತಾರೆ. ಅಲ್ಲಿಗೆ ಡಬ್ಬ ಹೊರಗೆ ತೆಗೆಯುವ ಹೊತ್ತು ಬಂತು. ಡಬ್ಬ ಅಂದರೆ ರಿಸರ್ವ್ ಬ್ಯಾಂಕಿನ ಡಾಲರ್ ಸಂಗ್ರಹ, ಅದನ್ನು ನೀವೇ ಹಿಡಿದುಕೊಳ್ಳಿ. ಒಳಗೆ ಆರು ಡಾಲರ್ ಇರಲಿ.

ಎರಡನೇ ದಿನದ ಆಟವನ್ನೇ ಮತ್ತೆ ಶುರು ಮಾಡಿ. ಪೆಟ್ರೋಲಿನ ನಾಲ್ವರು ಬಂದಿದ್ದಾರೆ. ನೀವು ರೇಟು 50ರಲ್ಲೇ ಇರಲಿ ಎಂದು ಹಟ ಹಿಡಿಯಿರಿ. 50ಕ್ಕೆ ಕೊಳ್ಳುವವರು ಒಂಬತ್ತು, ಮಾರುವವರು ಐದು. ನಾಲ್ಕು ಸಾಲದು. ಡಬ್ಬದಿಂದ ನಾಲ್ಕು ಡಾಲರ್ ಮಾರಿ 200 ರೂಪಾಯಿ ಒಳಗೆ ಹಾಕಿಕೊಳ್ಳಿ. ರೇಟು 50ರಲ್ಲಿ ನಿಂತಿತು. ಮಾರನೇ ದಿನ ಮತ್ತೆ ಹೊಸದಾಗಿ ಹಂಚಿ, ಪೆಟ್ರೋಲಿನವರು ಮತ್ತೆ ಬರಲಿ, ತೈಲ ದಿನಾ ಬೇಕು ತಾನೆ. ಡಬ್ಬದಲ್ಲಿ ಉಳಿದಿದ್ದು ಎರಡೇ. 50ಕ್ಕೆ ಅದು ಸಾಲದು. 51ಕ್ಕೆ ಮಾರುವವರು ಆರು, ನಿಮ್ಮ ಎರಡು ಸೇರಿ ಎಂಟು, ಕೊಳ್ಳುವವರೂ ಎಂಟು. ರೇಟು 51. ಅದರ ಮಾರನೇ ದಿನ ಡಬ್ಬ ಖಾಲಿ, ರೇಟು 52.

ಒಂದೇ ನೆಗೆತಕ್ಕೆ ಹೋಗಬೇಕಿದ್ದ ಕಡೆಗೆ ಮೂರು ದಿನದಲ್ಲಿ ಹೋಯಿತು. ರಿಸರ್ವ್ ಬ್ಯಾಂಕ್ ಹೇಳುವುದೂ ಇದನ್ನೇ. ತನಗೆ ಇಂಥದ್ದೇ ರೇಟು ಬೇಕು ಎಂಬ ಗುರಿ ಇಲ್ಲ, ವಿಪರೀತ ಏರಿಳಿತ ತಡೆಯುವುದಷ್ಟೇ ಕೆಲಸ ಎನ್ನುತ್ತದೆ. ಡಬ್ಬದ ಒಳಗೆ ಸೇರಿದ ಆಟದ ರೂಪಾಯಿಯನ್ನೂ ಮಕ್ಕಳಿಗೆ ತೋರಿಸಿ. ಅಷ್ಟು ರೂಪಾಯಿ ತರಗತಿಯಲ್ಲಿ ಕಡಿಮೆಯಾಯಿತು. ನಿಜವಾಗಿಯೂ ರಿಸರ್ವ್ ಬ್ಯಾಂಕ್ ಡಾಲರ್ ಮಾರಿದಾಗ ಬ್ಯಾಂಕುಗಳ ಬಳಿ ರೂಪಾಯಿ ಬಿಗಿಯಾಗುತ್ತದೆ. ರೇಟು ಇಳಿಯುವ ದಿನಗಳಲ್ಲಿ ಅದು ಡಾಲರ್ ಕೊಂಡು ಡಬ್ಬ ತುಂಬಿಸಿಕೊಳ್ಳುತ್ತದೆ, ಆಗ ರೂಪಾಯಿ ಹೊರಗೆ ಬರುತ್ತದೆ.

2013ರ ಆಗಸ್ಟ್ 28ರಂದು ರಿಸರ್ವ್ ಬ್ಯಾಂಕ್ ಇನ್ನೂ ಒಂದು ಉಪಾಯ ಮಾಡಿತು. ಸರ್ಕಾರಿ ತೈಲ ಕಂಪನಿಗಳು ಮೂರೂ ಮಾರುಕಟ್ಟೆಗೆ ಬರುವುದು ಬೇಡ, ದಿನದ ಡಾಲರನ್ನು ನೇರ ನಮ್ಮಿಂದಲೇ ಪಡೆದು ಮುಂದೆ ಹಿಂದಿರುಗಿಸಿ ಎಂದಿತು. ತರಗತಿಯಲ್ಲಿ ಇದನ್ನು ಮಾಡುವುದು ಬಲು ಸುಲಭ. ಖಾಲಿಯಾದ ಡಬ್ಬಕ್ಕೆ ಮತ್ತೆ ನಾಲ್ಕು ಡಾಲರ್ ಹಾಕಿಕೊಳ್ಳಿ, ಪೆಟ್ರೋಲಿನ ನಾಲ್ವರನ್ನು ಬೋರ್ಡಿನ ಹತ್ತಿರ ಹೋಗಲು ಬಿಡದೆ ನಿಮ್ಮ ಮೇಜಿನ ಬಳಿ ಕರೆದು ಡಬ್ಬದಿಂದಲೇ ಕೊಡಿ. ಬೋರ್ಡಿನಲ್ಲಿ ರೇಟು 50ಕ್ಕೆ ಬಂದು ಕೂರುತ್ತದೆ. ಆ ನಿರ್ಧಾರದ ಮಾರನೇ ದಿನವೇ ರೂಪಾಯಿ ಚೇತರಿಸಿಕೊಂಡಿತು. ಸೆಪ್ಟೆಂಬರಿನಲ್ಲಿ ಇನ್ನೂ ಬೇರೆ ಕ್ರಮಗಳು ಸೇರಿಕೊಂಡವು.

ಆಡಿಸುವಾಗ ಎಡವುವ ಜಾಗಗಳೂ ಇವೆ. ಮಕ್ಕಳು ಕೂಗಾಡಿ ವ್ಯಾಪಾರ ಮಾಡಲು ಬಿಟ್ಟರೆ ಗಂಟಲು ದೊಡ್ಡದಿರುವವರಿಗೆ ಡಾಲರ್ ಸಿಗುತ್ತದೆ, ಚೀಟಿಗೆ ಬೆಲೆ ಇರುವುದಿಲ್ಲ. ಕೈ ಎತ್ತಿಸಿಯೇ ಎಣಿಸಿ. ಕೊಳ್ಳುವವರಿಗೆ ರೂಪಾಯಿ ಸಮ ಕೊಡದಿದ್ದರೆ ನೋಟು ಕಡಿಮೆ ಇದ್ದವರು ಕೈ ಎತ್ತುವುದಿಲ್ಲ, ಆಗ ನೀವು ನೋಡುವುದು ಬೇರೆಯೇ ಪಾಠ. ಯಾರಾದರೂ ಗೈರುಹಾಜರಾದರೆ ಎರಡು ಕಡೆ ಸರಿಸಮ ಆಗುವ ರೇಟು ಸಿಗದೇ ಇರಬಹುದು. ಎಲ್ಲಿ ಅತಿ ಹೆಚ್ಚು ಡಾಲರ್ ಕೈ ಬದಲಾಗುತ್ತದೋ ಅದನ್ನೇ ರೇಟು ಎಂದು ತೆಗೆದುಕೊಳ್ಳಿ. ಇನ್ನೊಂದು, 50 ಹೋಗಿ 52 ಆದಾಗ "ರೂಪಾಯಿ ಏರಿತು" ಎನ್ನುವ ಮಕ್ಕಳು ಇದ್ದೇ ಇರುತ್ತಾರೆ. ಒಂದು ಡಾಲರಿಗೆ ಈಗ ಜಾಸ್ತಿ ನೋಟು ಎಣಿಸುತ್ತಿದ್ದೀಯಾ, ಕಡಿಮೆಯಾ ಎಂದು ಕೇಳಿ. ಕೈಯಲ್ಲಿ ನೋಟು ಇರುವುದರಿಂದ ಅವರೇ ತಿದ್ದಿಕೊಳ್ಳುತ್ತಾರೆ.

ಮನೆಯ ಕಾಫಿ ಲೆಕ್ಕವನ್ನು ಕೊನೆಯಲ್ಲಿ ಹಾಕಿಸಿ. ರೊಬಸ್ಟಾ ವ್ಯಾಪಾರ ಲಂಡನ್ ಮಾರುಕಟ್ಟೆಯಲ್ಲಿ ಟನ್ನಿಗೆ ಇಷ್ಟು ಡಾಲರ್ ಎಂದು ನಡೆಯುತ್ತದೆ. ಲೆಕ್ಕಕ್ಕೆ ಟನ್ನಿಗೆ 4000 ಡಾಲರ್ ಎಂದಿಟ್ಟುಕೊಳ್ಳಿ. ಲಂಡನ್ ರೇಟು ಹಾಗೇ ಇದ್ದು, ಡಾಲರ್ ಮಾತ್ರ 50 ಪೈಸೆ ಏರಿದರೆ ಟನ್ನಿಗೆ 2000 ರೂಪಾಯಿ ವ್ಯತ್ಯಾಸ. 50 ಕೆಜಿಯ ಕ್ಲೀನ್ ಕಾಫಿಗೆ 100 ರೂಪಾಯಿ. ಸಿಪ್ಪೆ ಸಮೇತ ಒಣಗಿಸಿದ ಚೆರ್ರಿ ಚೀಲಕ್ಕೆ ಹೆಚ್ಚುಕಡಿಮೆ ಅದರ ಅರ್ಧ. ತೋಟದಲ್ಲಿ ಒಂದು ಹಣ್ಣೂ ಹೆಚ್ಚು ಬಿಡದೆ ಚೀಲದ ಬೆಲೆ ಅಲುಗುವುದು ಹೀಗೆ. ಅದೇ ಮನೆಯವರು ಕೊಳ್ಳುವ ಡೀಸೆಲ್, ಗೊಬ್ಬರದ ಹಿಂದೆಯೂ ಡಾಲರ್ ಇದೆ ಎಂಬುದನ್ನು ಜೊತೆಗೇ ಹೇಳಿ.

ನಿಮ್ಮ ಆಟದಲ್ಲಿ ಇಲ್ಲದ ಒಂದು ಸಂಗತಿ ಇದೆ. ಕೆಲವು ದಿನ ನಮ್ಮಲ್ಲಿ ಏನೂ ಆಗಿರುವುದಿಲ್ಲ, ಡಾಲರೇ ಜಗತ್ತಿನ ಎಲ್ಲ ಹಣದ ಎದುರು ಏರಿರುತ್ತದೆ. ಇದನ್ನು ಪತ್ತೆ ಮಾಡಲು ಮಕ್ಕಳಿಂದ ಎರಡು ವಾರ ಒಂದು ಪಟ್ಟಿ ಮಾಡಿಸಿ. ಬ್ಯಾಂಕಿನ ಕೆಲಸದ ದಿನಗಳಲ್ಲಿ ಮಧ್ಯಾಹ್ನ ಫೈನಾನ್ಷಿಯಲ್ ಬೆಂಚ್‌ಮಾರ್ಕ್ಸ್ ಇಂಡಿಯಾ, ಅಂದರೆ ಎಫ್‌ಬಿಐಎಲ್ ಸಂಸ್ಥೆ ಡಾಲರ್, ಯೂರೋ, ಪೌಂಡ್, ಯೆನ್ ನಾಲ್ಕರ ರೇಟನ್ನೂ ಪ್ರಕಟಿಸುತ್ತದೆ. ಡಾಲರ್ ಮತ್ತು ಯೂರೋ ಎರಡನ್ನೂ ಬರೆಯಲಿ. ಎರಡೂ ರೂಪಾಯಿ ಎದುರು ಏರಿದ್ದರೆ ಕಾರಣ ಬಹುಶಃ ನಮ್ಮ ಕಡೆ ಇದೆ. ಡಾಲರ್ ಏರಿ ಯೂರೋ ಇಳಿದಿದ್ದರೆ ಕಾರಣವನ್ನು ಅಮೆರಿಕ, ಯೂರೋಪಿನ ಕಡೆ ಹುಡುಕಬೇಕು. ಐದು, ಹತ್ತು ಪೈಸೆ ಅಲುಗಿದ ದಿನ ಯಾವ ಕಾರಣವನ್ನೂ ಬರೆಸಬೇಡಿ, ಆ ಮನೆಯನ್ನು ಖಾಲಿ ಬಿಡಲಿ. ಪತ್ರಿಕೆಗಳು ಅಂಥ ದಿನಕ್ಕೂ ಒಂದು ಕಾರಣ ಹೇಳುತ್ತವೆ, ಆದರೆ ಅವತ್ತು ನಡೆದಿರುವುದು ಒಂದೆರಡು ದೊಡ್ಡ ಕಂಪನಿಗಳು ತಮ್ಮ ಬಿಲ್ಲು ಕಟ್ಟಿದ್ದಷ್ಟೇ ಇರಬಹುದು.